ಸ್ಟೈಪೆಂಡ್‌ನಲ್ಲಿ ಹತ್ತು ಪರ್ಸೆಂಟ್ ಹಿಡಿದರು, ಬಹುಮಾನದಲ್ಲಿ ಮೂವತ್ತು: ಕಾಲೇಜು ವಿದ್ಯಾರ್ಥಿಯ ದುಡ್ಡು ಮತ್ತು ತೆರಿಗೆ

ಸಿಂಧನೂರಿನ ಕಡೆಯ ಒಬ್ಬ ಹುಡುಗಿ ಇದ್ದಾಳೆ ಅಂದುಕೊಳ್ಳಿ. ಹೆಸರು ಶಿವಲೀಲಾ. ವಯಸ್ಸು 21. ರಾಯಚೂರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ. 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗೆ ಅವಳ ಖಾತೆಗೆ ಮೂರು ಕಡೆಯಿಂದ ದುಡ್ಡು ಬಂತು. ಎಸ್‌ಎಸ್‌ಪಿ ಮೂಲಕ ಸರ್ಕಾರಿ ಸ್ಕಾಲರ್‌ಶಿಪ್ 35,000 ರೂಪಾಯಿ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಆರು ತಿಂಗಳು ಇಂಟರ್ನ್‌ಶಿಪ್ ಮಾಡಿದ್ದಕ್ಕೆ ತಿಂಗಳಿಗೆ 25,000ದಂತೆ ಸ್ಟೈಪೆಂಡ್. ಮತ್ತೆ ನಾಲ್ಕು ಜನ ಸೇರಿ ಗೆದ್ದ ಹ್ಯಾಕಥಾನ್‌ನ ಮೊದಲ ಬಹುಮಾನ 60,000.

ಹೇಳಿದ ಲೆಕ್ಕ ಇದು. ಕೈಗೆ ಬಂದ ಲೆಕ್ಕ ಬೇರೆ. ಸ್ಕಾಲರ್‌ಶಿಪ್ ಪೂರ್ತಿ ಬಂತು. ಸ್ಟೈಪೆಂಡ್ ತಿಂಗಳಿಗೆ 22,500 ಮಾತ್ರ ಬಂತು. ಬಹುಮಾನದ 60,000ದಲ್ಲಿ 42,000 ಅಷ್ಟೇ ಬಂತು. ಮಿಕ್ಕಿದ್ದು ಟಿಡಿಎಸ್ ಅಂತ, ಅಂದರೆ ದುಡ್ಡು ಕೊಡುವವರೇ ಮೊದಲು ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ ಅಂತ ಹೋಯಿತು. ಎಲ್ಲ ಕೂಡಿದರೆ 33,000 ರೂಪಾಯಿ. ಹಾಸ್ಟೆಲ್‌ನಲ್ಲಿ ಯಾರೋ ಹೇಳಿದರು, "ಅದು ಸರ್ಕಾರಕ್ಕೆ ಹೋಗೋ ದುಡ್ಡು, ಬಿಟ್ಟುಬಿಡು". ಮನೆಯಲ್ಲಿ ಹೇಳಿದರು, "ಇನ್‌ಕಮ್ ಟ್ಯಾಕ್ಸ್ ಸಹವಾಸ ಬೇಡ, ರೇಷನ್ ಕಾರ್ಡ್ ಹೋಗ್ತದ".

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಹುಡುಗರಿಗೆ ರಿಟರ್ನ್ ತುಂಬಿಕೊಡುವಾಗ ಈ ಎರಡೂ ಮಾತನ್ನು ನಾನು ಮತ್ತೆ ಮತ್ತೆ ಕೇಳುತ್ತೇನೆ. ಹೋದ 33,000ದಲ್ಲಿ ಎಷ್ಟು ವಾಪಸ್ ಬರುತ್ತದೆ, ಎಷ್ಟು ಬರುವುದಿಲ್ಲ, ಯಾಕೆ ಎಂದು ನೋಡೋಣ.

ಓದಲಿ ಅಂತ ಕೊಟ್ಟಿದ್ದೋ, ಕೆಲಸಕ್ಕೆ ಕೊಟ್ಟಿದ್ದೋ

ಸ್ಕಾಲರ್‌ಶಿಪ್ ವಿಷಯ ಸುಲಭ. 1961ರ ಆದಾಯ ತೆರಿಗೆ ಕಾಯ್ದೆಯ 10(16)ನೇ ಕಲಮು ಒಂದೇ ಸಾಲಿನದು. ಓದಿನ ಖರ್ಚಿಗೆ ಅಂತ ಕೊಟ್ಟ ಸ್ಕಾಲರ್‌ಶಿಪ್‌ಗೆ ತೆರಿಗೆ ಇಲ್ಲ. ಇಷ್ಟೇ ಮೊತ್ತದವರೆಗೆ ಅಂತ ಮಿತಿ ಹಾಕಿಲ್ಲ. ಸರ್ಕಾರವೇ ಕೊಡಬೇಕು ಅಂತಲೂ ಇಲ್ಲ. ಟ್ರಸ್ಟ್ ಕೊಟ್ಟರೂ, ಮಠ ಕೊಟ್ಟರೂ, ಸಮಾಜದ ಸಂಘ ಕೊಟ್ಟರೂ ಅದೇ ಲೆಕ್ಕ. ಓದಿನ ಖರ್ಚು ಅಂದರೆ ಬರೀ ಕಾಲೇಜು ಫೀಸು ಅಲ್ಲ, ಓದುವುದಕ್ಕೆ ಹೊಂದಿಕೊಂಡು ಬರುವ ಬೇರೆ ಖರ್ಚೂ ಅದರಲ್ಲಿ ಸೇರುತ್ತದೆ ಎಂದು ಕರ್ನಾಟಕ ಹೈಕೋರ್ಟೇ ಹಿಂದೆ ಹೇಳಿದೆ. ಹಾಗಾಗಿ ಹಾಸ್ಟೆಲ್, ಪುಸ್ತಕ, ಬಸ್ ಪಾಸ್‌ಗೆ ಹೋದ ದುಡ್ಡಿನ ಚೀಟಿ ಕೂಡಿಡುವ ತಾಪತ್ರಯ ಬೇಡ. ಮಂಜೂರಾತಿ ಪತ್ರ ಒಂದನ್ನು ಇಟ್ಟುಕೊಂಡರೆ ಸಾಕು. ಶಿವಲೀಲಾಳ 35,000 ತೆರಿಗೆ ಲೆಕ್ಕಕ್ಕೇ ಬರುವುದಿಲ್ಲ.

ಸ್ಟೈಪೆಂಡ್ ವಿಷಯಕ್ಕೆ ಬಂದರೆ ಸ್ವಲ್ಪ ನಿಲ್ಲಬೇಕು. ಆ ಹೆಸರಿನಲ್ಲಿ ಎರಡು ಬೇರೆ ಬೇರೆ ದುಡ್ಡು ಓಡಾಡುತ್ತವೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಓದುವವರು ಕೊನೆಯ ವರ್ಷ ಹಳ್ಳಿಯಲ್ಲಿದ್ದು ರೈತರ ಜೊತೆ ಕೆಲಸದ ಅನುಭವ ಪಡೆಯಬೇಕು. ಅದು ಡಿಗ್ರಿಯ ಭಾಗ. ಅದಕ್ಕೆ ಸಿಗುವ ಸ್ಟೈಪೆಂಡ್ ಓದಿಗೆ ಕೊಟ್ಟಿದ್ದು, ಯಾವ ರೈತನೂ ಇವರನ್ನು ಕೆಲಸಕ್ಕೆ ಇಟ್ಟುಕೊಂಡಿಲ್ಲ. ಅದೇ ರೀತಿ ಪಿಎಚ್‌ಡಿ ಮಾಡುವವರಿಗೆ ಜೆಆರ್‌ಎಫ್ ತಿಂಗಳಿಗೆ 37,000 ಬರುತ್ತದೆ. ವರ್ಷಕ್ಕೆ 4,44,000 ಆಯಿತು. ದೊಡ್ಡ ಮೊತ್ತ ನಿಜ, ಆದರೂ ಸಂಶೋಧನೆ ಮಾಡಲಿ ಅಂತ ಕೊಟ್ಟ ಫೆಲೋಶಿಪ್ ಆದ್ದರಿಂದ ಇದನ್ನೂ 10(16)ರ ಅಡಿಯಲ್ಲೇ ತೋರಿಸುವುದು ರೂಢಿ.

ಶಿವಲೀಲಾಳದ್ದು ಹಾಗಲ್ಲ. ಕಂಪನಿಗೆ ಕೋಡ್ ಬರೆದುಕೊಟ್ಟಳು. ರಜೆ ಬೇಕಾದರೆ ಮ್ಯಾನೇಜರ್‌ನ ಕೇಳಬೇಕಿತ್ತು. ಕೆಲಸ ಮಾಡದಿದ್ದರೆ ದುಡ್ಡು ಇಲ್ಲ. ಕಾಲೇಜು ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಕೊಟ್ಟಿರಬಹುದು, ಆದರೆ ಕಂಪನಿ ದುಡ್ಡು ಕೊಟ್ಟಿದ್ದು ಅವಳು ಓದಲಿ ಅಂತ ಅಲ್ಲ. ಆಫರ್ ಲೆಟರ್‌ನಲ್ಲಿ ಏನೇ ಹೆಸರಿಟ್ಟಿರಲಿ, ಇದು ಆದಾಯ. ಕೆಲವರು "ಸ್ಟೈಪೆಂಡ್ ಅಂದ್ರೆ ಎಕ್ಸೆಂಪ್ಟ್" ಅಂತ ಯೂಟ್ಯೂಬ್ ನೋಡಿ ರಿಟರ್ನ್‌ನಲ್ಲಿ ವಿನಾಯಿತಿ ಕಾಲಂಗೆ ಹಾಕಿಬಿಡುತ್ತಾರೆ. ಅದರ ಅಗತ್ಯವೂ ಇಲ್ಲ. ಆದಾಯ ಅಂತಲೇ ತೋರಿಸಿದರೂ ತೆರಿಗೆ ಸೊನ್ನೆ ಬರುತ್ತದೆ, ಮುಂದೆ ನೋಡುತ್ತೀರಿ.

ಮೆಡಿಕಲ್ ಕಾಲೇಜುಗಳ ಪಿಜಿ ಡಾಕ್ಟರುಗಳ ಸ್ಟೈಪೆಂಡ್ ಇವೆರಡರ ನಡುವೆ ನಿಲ್ಲುತ್ತದೆ. ಓದೂ ಹೌದು, ವಾರ್ಡಿನಲ್ಲಿ ರಾತ್ರಿಯಿಡೀ ದುಡಿಮೆಯೂ ಹೌದು. ಟ್ರಿಬ್ಯುನಲ್ಲಿನಲ್ಲಿ ಅದು ಸ್ಕಾಲರ್‌ಶಿಪ್ ಅಂತ ವಿದ್ಯಾರ್ಥಿಯ ಪರ ತೀರ್ಪು ಬಂದದ್ದಿದೆ. ಆದರೂ ಟಿಡಿಎಸ್ ಹಿಡಿಯುವ ಕಾಲೇಜುಗಳಿವೆ. ಅವರ ಮೊತ್ತ ಜಾಸ್ತಿ, ಅವರು ಆಡಿಟರ್ ಹತ್ತಿರ ಹೋಗಿ ಕೇಳುವುದೇ ಸರಿ.

ಹಿಡಿದದ್ದು ತೆರಿಗೆ ಅಲ್ಲ, ಮುಂಗಡ

ಕಂಪನಿಯವರು 10 ಪರ್ಸೆಂಟ್ ಯಾಕೆ ಹಿಡಿದರು? ಅವಳನ್ನು ನೌಕರರ ಪಟ್ಟಿಗೆ ಸೇರಿಸಿದ್ದರೆ ಸಂಬಳದ ನಿಯಮ ಬರುತ್ತಿತ್ತು. ಸಂಬಳದಲ್ಲಿ ವರ್ಷದ ಒಟ್ಟು ಆದಾಯ ಅಂದಾಜು ಮಾಡಿ, ತೆರಿಗೆ ಬಂದರೆ ಮಾತ್ರ ಹಿಡಿಯುತ್ತಾರೆ. ಒಂದೂವರೆ ಲಕ್ಷಕ್ಕೆ ಏನೂ ಹಿಡಿಯುವಂತಿರಲಿಲ್ಲ. ಆದರೆ ಎಷ್ಟೋ ಕಂಪನಿಗಳು ಇಂಟರ್ನ್‌ಗಳನ್ನು ನೌಕರರು ಅಂತ ಲೆಕ್ಕ ಹಿಡಿಯುವುದಿಲ್ಲ. ಹೊರಗಿನ ಕನ್ಸಲ್ಟಂಟ್‌ಗೆ ಕೊಟ್ಟ ಹಾಗೆ 194J ಎಂಬ ಕಲಮಿನಲ್ಲಿ ಕೊಡುತ್ತವೆ. ಅಲ್ಲಿ ನಿಮ್ಮ ಒಟ್ಟು ಆದಾಯ ಎಷ್ಟು ಅಂತ ಯಾರೂ ಕೇಳುವುದಿಲ್ಲ. ವರ್ಷದಲ್ಲಿ 50,000 ದಾಟುವಂತಿದ್ದರೆ ನೇರವಾಗಿ 10 ಪರ್ಸೆಂಟ್ ಹಿಡಿಯುತ್ತಾರೆ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 30,000 ಇತ್ತು. ತಿಂಗಳಿಗೆ 15,000ದಂತೆ ಮೂರೇ ತಿಂಗಳು ಮಾಡಿದ್ದರೆ ಒಟ್ಟು 45,000, ಏನೂ ಹಿಡಿಯುತ್ತಿರಲಿಲ್ಲ.

"ಫಾರ್ಮ್ 15ಜಿ ಕೊಟ್ಟರೆ ಹಿಡಿಯಲ್ವಂತೆ ಅಲ್ವಾ?" ಅಂತ ಕೇಳುತ್ತಾರೆ. ಬ್ಯಾಂಕಿನ ಎಫ್‌ಡಿ ಬಡ್ಡಿಗೆ ಅದು ನಡೆಯುತ್ತದೆ. 194Jಗೆ ನಡೆಯುವುದಿಲ್ಲ. ಎಚ್‌ಆರ್‌ಗೆ ಇಮೇಲ್ ಮೇಲೆ ಇಮೇಲ್ ಕಳಿಸಿ ಉಪಯೋಗ ಇಲ್ಲ.

ಇಲ್ಲಿ ಪ್ಯಾನ್ ಕಾರ್ಡ್ ದೊಡ್ಡ ವಿಷಯ. ಪ್ಯಾನ್ ಕೊಡದಿದ್ದರೆ 10ರ ಬದಲು 20 ಪರ್ಸೆಂಟ್ ಹಿಡಿಯುತ್ತಾರೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹಿಡಿದ ದುಡ್ಡು ಯಾರ ಹೆಸರಿಗೆ ಜಮಾ ಆಯಿತು ಅಂತ ತೋರಿಸುವುದೇ ಪ್ಯಾನ್. ಅದೇ ಇಲ್ಲ ಅಂದರೆ ಆಮೇಲೆ ವಾಪಸ್ ಕೇಳಲು ಆಧಾರವೇ ಇರುವುದಿಲ್ಲ. 18 ತುಂಬಿದವರಿಗೆ, ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆ ಆಗಿದ್ದರೆ, ಇಲಾಖೆಯ ವೆಬ್‌ಸೈಟಿನಲ್ಲೇ ಇ-ಪ್ಯಾನ್ ಪುಕ್ಕಟೆ ಸಿಗುತ್ತದೆ. ಇಂಟರ್ನ್‌ಶಿಪ್ ಶುರುವಾಗುವ ಮುಂಚೆಯೇ ಮಾಡಿಸಿಕೊಳ್ಳಿ.

ಈಗ ಲೆಕ್ಕ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ನೇ ಸಾಲಿಗೆ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ. ಅದರ ಮೇಲೆಯೂ 12 ಲಕ್ಷದ ಆದಾಯದವರೆಗೆ ರಿಬೇಟ್ ಬಂದು ತೆರಿಗೆ ಸೊನ್ನೆ ಆಗುತ್ತದೆ. ಶಿವಲೀಲಾಳ ಸ್ಟೈಪೆಂಡ್ 1,50,000. ಹತ್ತಿರಕ್ಕೂ ಬರುವುದಿಲ್ಲ. ಆದ್ದರಿಂದ ಹಿಡಿದ 15,000 ಪೂರ್ತಿ ಅವಳದೇ. ಕಂಪನಿ ಅದನ್ನು ಅವಳ ಹೆಸರಿನಲ್ಲಿ ಮುಂಗಡ ಕಟ್ಟಿದೆ ಅಷ್ಟೇ. ಆದರೆ ಇಲಾಖೆ ತಾನಾಗಿ ಕರೆದು ಕೊಡುವುದಿಲ್ಲ. ರಿಟರ್ನ್ ಹಾಕಿ ಕೇಳಬೇಕು.

ವಾಪಸ್ ತರಿಸುವ ದಾರಿ

ಮೊದಲು ದುಡ್ಡು ನಿಜವಾಗಿ ಜಮಾ ಆಗಿದೆಯಾ ನೋಡಿ. incometax.gov.in ನಲ್ಲಿ ಪ್ಯಾನ್ ನಂಬರೇ ಯೂಸರ್ ಐಡಿ. ನೋಂದಣಿ ಮಾಡಿಕೊಂಡು ಒಳಗೆ ಹೋದರೆ e-File ಎಂಬ ಮೆನುವಿನಲ್ಲಿ Income Tax Returns, ಅದರಡಿ View Form 26AS ಸಿಗುತ್ತದೆ. ಯಾವ ಕಂಪನಿ, ಯಾವ ಕಲಮಿನಲ್ಲಿ, ಎಷ್ಟು ಕೊಟ್ಟು ಎಷ್ಟು ಹಿಡಿಯಿತು ಎಂದು ಅಲ್ಲಿ ಬರೆದಿರುತ್ತದೆ. ಅದರ ಜೊತೆಗೆ AIS ಎಂಬ ಇನ್ನೊಂದು ಪಟ್ಟಿ ಇದೆ, ಅದರಲ್ಲಿ ಬ್ಯಾಂಕ್ ಬಡ್ಡಿಯೂ ಕಾಣಿಸುತ್ತದೆ.

ಏಪ್ರಿಲ್ ತಿಂಗಳಲ್ಲೇ ನೋಡಿ "ಏನೂ ಇಲ್ಲ, ಕಂಪನಿಯವರು ಮೋಸ ಮಾಡಿದರು" ಅನ್ನಬೇಡಿ. ಕಂಪನಿಗಳು ಟಿಡಿಎಸ್ ವಿವರವನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸುತ್ತವೆ. ಜನವರಿಯಿಂದ ಮಾರ್ಚ್‌ವರೆಗಿನ ವಿವರ ಕೊಡಲು ಅವರಿಗೆ ಮೇ 31ರವರೆಗೆ ಸಮಯ ಇರುತ್ತದೆ. ಜೂನ್ ಅರ್ಧ ಕಳೆದ ಮೇಲೆ ನೋಡುವುದು ಒಳ್ಳೆಯದು. ಆಗಲೂ ಇಲ್ಲದಿದ್ದರೆ ಕಂಪನಿಗೆ ಬರೆದು ಫಾರ್ಮ್ 16ಎ ಕೇಳಿ. ಅದು ಟಿಡಿಎಸ್ ಸರ್ಟಿಫಿಕೇಟ್. ಪ್ಯಾನ್ ನಂಬರಿನ ಒಂದು ಅಕ್ಷರ ತಪ್ಪಾಗಿ ಹೊಡೆದು ದುಡ್ಡು ಇನ್ನಾರದೋ ಹೆಸರಿಗೆ ಹೋದದ್ದನ್ನು ನೋಡಿದ್ದೇನೆ. ಅದನ್ನು ಸರಿ ಮಾಡಲು ಕಂಪನಿಗೆ ಮಾತ್ರ ಆಗುತ್ತದೆ. ನೀವು ರಿಟರ್ನ್‌ನಲ್ಲಿ ಏನು ಬರೆದರೂ ನಡೆಯುವುದಿಲ್ಲ.

ಆಮೇಲೆ ಬ್ಯಾಂಕ್ ಖಾತೆ. ರಿಫಂಡ್ ಬರಬೇಕಾದರೆ ಖಾತೆಯನ್ನು ಪೋರ್ಟಲ್‌ನಲ್ಲಿ ಮೊದಲೇ ದೃಢೀಕರಿಸಬೇಕು. ನಮ್ಮ ಕಡೆಯ ಹುಡುಗರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್ ಇರುತ್ತದೆ, ಪ್ಯಾನ್‌ನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದಿರುತ್ತದೆ, ಬ್ಯಾಂಕಿನಲ್ಲಿ ಬರೀ ಹೆಸರು ಅಥವಾ ಮನೆತನದ ಹೆಸರು ಸೇರಿಸಿರುತ್ತಾರೆ. ಹೆಸರು ಹೊಂದದಿದ್ದರೆ ದೃಢೀಕರಣ ಫೇಲ್ ಆಗುತ್ತದೆ. ಸ್ಕಾಲರ್‌ಶಿಪ್‌ಗೆ ಅಂತ ಹೈಸ್ಕೂಲಿನಲ್ಲಿ ತೆಗೆದ ಹಳೆಯ ಖಾತೆಯಾದರೆ ಪ್ಯಾನ್ ಜೋಡಣೆಯೇ ಆಗಿರುವುದಿಲ್ಲ. ಜೂನ್‌ನಲ್ಲೇ ಬ್ಯಾಂಕಿಗೆ ಹೋಗಿ ಸರಿ ಮಾಡಿಸಿ. ಜುಲೈ ಕೊನೆಯ ವಾರದಲ್ಲಿ ಅಲ್ಲಿ ಕ್ಯೂ ನಿಂತು ಅಳುವುದು ಬೇಡ.

ರಿಟರ್ನ್ ಫಾರ್ಮ್ ಯಾವುದು? ಸ್ಟೈಪೆಂಡ್ ಮಾತ್ರ ಇದ್ದರೆ ITR-1 ಸಾಕು. "ಇತರ ಮೂಲಗಳ ಆದಾಯ" ಎಂಬ ಜಾಗದಲ್ಲಿ 1,50,000 ಪೂರ್ತಿ ತೋರಿಸಬೇಕು. ಕೈಗೆ ಬಂದ 1,35,000 ಅಲ್ಲ. ಇದು ತುಂಬಾ ಜನ ಮಾಡುವ ತಪ್ಪು. 15,000 ಕ್ರೆಡಿಟ್ ಕೇಳಿ, ಆ ಕ್ರೆಡಿಟ್ ಬಂದ ಆದಾಯವನ್ನು ಕಡಿಮೆ ತೋರಿಸಿದರೆ ಇಲಾಖೆಯ ಕಂಪ್ಯೂಟರ್ ತಕ್ಷಣ ಹಿಡಿಯುತ್ತದೆ, ರಿಟರ್ನ್ ದೋಷಪೂರಿತ ಅಂತ ನೋಟಿಸ್ ಬರುತ್ತದೆ. ಸ್ಕಾಲರ್‌ಶಿಪ್‌ನ 35,000ವನ್ನು ವಿನಾಯಿತಿ ಆದಾಯದ ಪಟ್ಟಿಯಲ್ಲಿ 10(16) ಆಯ್ದು ತೋರಿಸಿ. ಲೆಕ್ಕಕ್ಕೆ ಅದು ಸೇರುವುದಿಲ್ಲ, ಮಾಹಿತಿಗೆ ಅಷ್ಟೇ. ಸೇವಿಂಗ್ಸ್ ಖಾತೆಗೆ ಬಂದ ನಾಲ್ಕಾರು ನೂರು ರೂಪಾಯಿ ಬಡ್ಡಿಯನ್ನೂ ಸೇರಿಸಿಬಿಡಿ.

ಕೆಲವು ಆನ್‌ಲೈನ್ ಸೆಂಟರ್‌ಗಳಲ್ಲಿ 194J ಕಂಡ ಕೂಡಲೇ ITR-4 ತೆಗೆದು, ಅರ್ಧ ಆದಾಯ ಮಾತ್ರ ತೋರಿಸಿಬಿಡುತ್ತಾರೆ. ಅದು ಸ್ವಂತ ವೃತ್ತಿ ಮಾಡುವ ಇಂಜಿನಿಯರ್, ಡಾಕ್ಟರ್, ವಕೀಲರಿಗೆ ಇರುವ ಸೌಲಭ್ಯ. ಕಂಪನಿಯೊಳಗೆ ಕೂತು ಕಲಿಯುವ ಹುಡುಗಿ ವೃತ್ತಿ ನಡೆಸುತ್ತಿದ್ದಾಳೆ ಅಂತ ಹೇಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಒಂದೂವರೆ ಲಕ್ಷ ಪೂರ್ತಿ ತೋರಿಸಿದರೂ ತೆರಿಗೆ ಸೊನ್ನೆ, ಅರ್ಧ ತೋರಿಸಿದರೂ ಸೊನ್ನೆ. ಸುಮ್ನೆ ಯಾಕೆ ತೊಡಕು?

ಸಲ್ಲಿಸಿದ ಮೇಲೆ 30 ದಿನದೊಳಗೆ ಆಧಾರ್ ಒಟಿಪಿ ಹಾಕಿ ದೃಢೀಕರಿಸಬೇಕು. ಇದನ್ನು ಮರೆತರೆ ರಿಟರ್ನ್ ಹಾಕಿದ ದಿನಕ್ಕೆ ಬೆಲೆ ಇರುವುದಿಲ್ಲ. ಸೆಂಟರ್‌ನವರು ತುಂಬಿಕೊಟ್ಟರು, ರಸೀದಿ ಕೈಗೆ ಬಂತು ಅಂತ ಸುಮ್ಮನಾಗುವವರು ಬಹಳ. ಪೋರ್ಟಲ್‌ನಲ್ಲಿ ದೃಢೀಕರಣ ಆಗಿದೆ ಅಂತ ಬಂದಿದೆಯಾ ನೀವೇ ನೋಡಿ.

ಹ್ಯಾಕಥಾನ್‌ನ 60,000

ಈಗ ನಿಜವಾದ ಸಿಕ್ಕು. ಗೆದ್ದದ್ದು ನಾಲ್ಕು ಜನ. ಆಯೋಜಕರು "ಟೀಮ್ ಲೀಡರ್ ಖಾತೆ ಕೊಡಿ" ಅಂದರು, ಶಿವಲೀಲಾ ತನ್ನದನ್ನೇ ಕೊಟ್ಟಳು. ಅವರು 30 ಪರ್ಸೆಂಟ್, ಅಂದರೆ 18,000 ಹಿಡಿದು 42,000 ಹಾಕಿದರು. ಅವಳು ನ್ಯಾಯವಾಗಿ ನಾಲ್ಕು ಪಾಲು ಮಾಡಿ 10,500ರಂತೆ ಗೆಳೆಯರಿಗೆ ಫೋನ್‌ಪೇ ಮಾಡಿದಳು. ಇಲಾಖೆಯ ಲೆಕ್ಕದಲ್ಲಿ ಏನಾಯಿತು? 60,000 ಪೂರ್ತಿ ಶಿವಲೀಲಾಳ ಆದಾಯ. 18,000 ಪೂರ್ತಿ ಅವಳ ಟಿಡಿಎಸ್. ಉಳಿದ ಮೂವರ ಹೆಸರೇ ಎಲ್ಲೂ ಇಲ್ಲ.

ಎರಡು ಸಮಸ್ಯೆ ಒಂದರ ಮೇಲೊಂದು ಕೂತಿವೆ. ಮೊದಲನೆಯದು, 30 ಪರ್ಸೆಂಟ್ ಯಾಕೆ? ಅದು 194B ಎಂಬ ಕಲಮು. ಲಾಟರಿ, ಪದಬಂಧ, ಇಸ್ಪೀಟು ಮತ್ತು ಯಾವುದೇ ಬಗೆಯ ಆಟದಲ್ಲಿ ಗೆದ್ದ ದುಡ್ಡಿಗೆ ಇರುವುದು. ಬಹುಮಾನ 10,000 ದಾಟಿದರೆ ಹಿಡಿಯಬೇಕು. ಜನ ಸ್ಪರ್ಧಿಸಿ ಗೆಲ್ಲುವ ಟಿವಿ ಗೇಮ್ ಶೋಗಳನ್ನೂ ಕಾಯ್ದೆ ಇದರೊಳಗೆ ಸೇರಿಸಿದೆ. ಬಹುಮಾನ ಅಂದ ಕೂಡಲೇ ಆಯೋಜಕರ ಅಕೌಂಟ್ಸ್‌ನವರು ತಮ್ಮ ತಲೆಗೆ ಬರದಿರಲಿ ಅಂತ ಇದೇ ಕಲಮು ಹಚ್ಚುತ್ತಾರೆ. ನನ್ನ ಮಟ್ಟಿಗೆ, ರಾತ್ರಿಯಿಡೀ ಕೂತು ಸಾಫ್ಟ್‌ವೇರ್ ಕಟ್ಟಿ, ತೀರ್ಪುಗಾರರು ಅದನ್ನು ನೋಡಿ ಕೊಟ್ಟ ಬಹುಮಾನ ಆಟದ ಗೆಲುವಲ್ಲ. ಪ್ರಬಂಧ ಸ್ಪರ್ಧೆಯೂ ಅಷ್ಟೇ. ಅದು ಸಾಮಾನ್ಯ ಆದಾಯ, ಸ್ಟೈಪೆಂಡ್ ಜೊತೆಗೇ ಸೇರಬೇಕು. ಆದರೆ ಆಯೋಜಕರು 194B ಅಂತ ದಾಖಲಿಸಿದ ಮೇಲೆ, 26ASನಲ್ಲಿ ಹಾಗೇ ಕಾಣುವಾಗ, ನೀವು ಒಬ್ಬರೇ ಬೇರೆ ಹೇಳಿದರೆ ಇಲಾಖೆ ಪ್ರಶ್ನೆ ಕೇಳುವ ಸಾಧ್ಯತೆ ಜಾಸ್ತಿ.

ಈ ಕಲಮಿನ ಏಟು ಎಷ್ಟು ಗೊತ್ತಾ? ಆಟದ ಗೆಲುವಿಗೆ 4 ಲಕ್ಷದ ಮಿತಿಯೂ ಇಲ್ಲ, 12 ಲಕ್ಷದ ರಿಬೇಟೂ ಇಲ್ಲ. ನಿಮ್ಮ ಬೇರೆ ಆದಾಯ ಸೊನ್ನೆ ಇದ್ದರೂ ನೇರ 30 ಪರ್ಸೆಂಟ್, ಅದರ ಮೇಲೆ 4 ಪರ್ಸೆಂಟ್ ಸೆಸ್. 60,000ಕ್ಕೆ 18,720 ಆಯಿತು. ಹಿಡಿದದ್ದು 18,000. ಇನ್ನೂ 720 ಬಾಕಿ! ಆ 720 ಸ್ಟೈಪೆಂಡ್‌ನ 15,000ದಲ್ಲಿ ಮುರಿದುಕೊಂಡು 14,280 ರಿಫಂಡ್ ಬರುತ್ತದೆ. ಇಂಥ ಗೆಲುವು ಇದ್ದರೆ ITR-1 ಆಗುವುದಿಲ್ಲ, ITR-2 ಹಾಕಬೇಕು. ಅದೇ ಬಹುಮಾನ ಸಾಮಾನ್ಯ ಆದಾಯ ಅಂತಾದರೆ ಒಟ್ಟು 2,10,000, ತೆರಿಗೆ ಸೊನ್ನೆ, 33,000 ಪೂರ್ತಿ ವಾಪಸ್. ಒಂದು ಕಲಮಿನ ಸಂಖ್ಯೆಯಿಂದ 18,720 ರೂಪಾಯಿ ವ್ಯತ್ಯಾಸ.

ಹಾಗಾಗಿ ಮಾಡಬೇಕಾದ್ದು ದುಡ್ಡು ಬರುವ ಮುಂಚೆ. ಗೆದ್ದ ದಿನವೇ ಆಯೋಜಕರಿಗೆ ಇಮೇಲ್ ಹಾಕಿ: ಯಾವ ಕಲಮಿನಲ್ಲಿ ಟಿಡಿಎಸ್ ಹಿಡಿಯುತ್ತೀರಿ, ಇದು ಕೌಶಲದ ಸ್ಪರ್ಧೆ, ತೀರ್ಪುಗಾರರಿದ್ದರು, ನಿಯಮಗಳ ಪ್ರತಿ ಲಗತ್ತಿಸಿದೆ. ಒಪ್ಪಿದರೆ ಒಳ್ಳೆಯದು. ಆಗಲೇ ಹಿಡಿದಿದ್ದರೆ ಟಿಡಿಎಸ್ ವಿವರ ತಿದ್ದಿ ಸಲ್ಲಿಸಲು ಕೇಳಿ, ಅವರಿಗೆ ಅದು ಸಾಧ್ಯ. ಒಪ್ಪದೇ ಹೋದರೆ ಆಡಿಟರ್ ಹತ್ತಿರ ಹೋಗಿ. 18,000ಕ್ಕೆ ವಾದ ಮಾಡುವುದು ಸರಿ ಅನ್ನಿಸಬಹುದು. ಮೂರು ಸಾವಿರದ ವಿಷಯವಾದರೆ ನಾನಂತೂ ಹೊಡೆದಾಡು ಅಂತ ಹೇಳುವುದಿಲ್ಲ.

ಎರಡನೆಯ ಸಮಸ್ಯೆ ಪಾಲಿನದು. ಬಹುಮಾನ ನಾಲ್ಕು ಜನರದ್ದು ಅಂತ ಆಯೋಜಕರಿಗೂ ಗೊತ್ತು. ಹಾಗಿರುವಾಗ ನಾಲ್ಕು ಪ್ಯಾನ್, ನಾಲ್ಕು ಖಾತೆ ಕೊಟ್ಟು 15,000ದಂತೆ ಹಂಚಿಸುವುದು ಸರಿಯಾದ ದಾರಿ. ಲೀಡರ್‌ಗೇ ಕೊಡುತ್ತೇವೆ ಅಂತ ಹಟ ಹಿಡಿದರೂ, 37BA ಎಂಬ ನಿಯಮದಲ್ಲಿ ಒಂದು ಅವಕಾಶ ಇದೆ. ಈ ದುಡ್ಡಿನಲ್ಲಿ ಇಂಥವರಿಗೆ ಇಷ್ಟು ಪಾಲು ಅಂತ ಲೀಡರ್ ಬರೆದು ಘೋಷಣೆ ಕೊಟ್ಟರೆ, ಆಯೋಜಕರು ಟಿಡಿಎಸ್ಸನ್ನು ಆಯಾ ಹೆಸರಿಗೇ ತೋರಿಸಬಹುದು. ಇದ್ಯಾವುದೂ ಆಗದೆ ಶಿವಲೀಲಾ 18,000 ರಿಫಂಡ್ ಪಡೆದಳು ಅಂದುಕೊಳ್ಳಿ, ಅದರಲ್ಲಿ 13,500 ಆ ಮೂವರದ್ದು. ಗೆಳೆತನ ಕೆಡುವುದು ಸಾಮಾನ್ಯವಾಗಿ ಈ ಹಂತದಲ್ಲಿ, ಯಾಕೆಂದರೆ ರಿಫಂಡ್ ಬರುವ ಹೊತ್ತಿಗೆ ಎಲ್ಲರೂ ಡಿಗ್ರಿ ಮುಗಿಸಿ ಒಬ್ಬೊಬ್ಬರು ಒಂದೊಂದು ಊರಲ್ಲಿ ಇರುತ್ತಾರೆ. ಮೊದಲೇ ಒಂದು ವಾಟ್ಸಾಪ್ ಗ್ರೂಪಿನಲ್ಲಿ ಬರೆದಿಟ್ಟುಕೊಳ್ಳಿ.

ಸರ್ಕಾರ ಕೊಡುವ ಪ್ರಶಸ್ತಿಗಳಿಗೆ ಬೇರೆಯೇ ವಿನಾಯಿತಿ ಇದೆ, 10(17A). ಆದರೆ ಕೇಂದ್ರ ಸರ್ಕಾರ ಅನುಮೋದಿಸಿದ ಪ್ರಶಸ್ತಿಗೆ ಮಾತ್ರ. ಯಾವುದೋ ಇಲಾಖೆಯ ಲೋಗೋ ಬ್ಯಾನರಿನ ಮೇಲೆ ಇದ್ದ ಮಾತ್ರಕ್ಕೆ ಅದು ಸಿಗುವುದಿಲ್ಲ.

ಲಕ್ಕಿ ಡ್ರಾ ವಿಷಯದಲ್ಲಿ ಮಾತ್ರ ವಾದಕ್ಕೆ ಜಾಗವೇ ಇಲ್ಲ. ಬಳ್ಳಾರಿಯ ಅಂಗಡಿಯಲ್ಲಿ ಹಬ್ಬಕ್ಕೆ ಬಟ್ಟೆ ತೆಗೆದುಕೊಂಡಾಗ ಕೂಪನ್ ತುಂಬಿದ್ದೀರಿ, 25,000ದ ಮೊಬೈಲ್ ಬಂತು. ವಸ್ತುವಿನಲ್ಲಿ 30 ಪರ್ಸೆಂಟ್ ಹಿಡಿಯಲು ಆಗುವುದಿಲ್ಲ, ಆದ್ದರಿಂದ ತೆರಿಗೆ ಕಟ್ಟಿದ್ದು ಖಾತ್ರಿಯಾಗದೆ ಅಂಗಡಿಯವರು ಫೋನ್ ಕೊಡುವಂತಿಲ್ಲ. ಒಂದೋ ಅವರೇ ಕಟ್ಟುತ್ತಾರೆ, ಇಲ್ಲವೇ ನಿಮ್ಮ ಹತ್ತಿರ 7,500 ಕೇಳುತ್ತಾರೆ. ಇದು ರಿಫಂಡ್ ಆಗುವುದಿಲ್ಲ. ಮೋಸಗಾರರೂ ಇದೇ ನಿಯಮ ಹೇಳಿ "ಟ್ಯಾಕ್ಸ್ ಕಟ್ಟಿ, ಕಾರು ಕಳಿಸ್ತೀವಿ" ಅಂತ ಫೋನ್ ಮಾಡುತ್ತಾರೆ. ನೀವು ಕೂಪನ್ನೇ ತುಂಬದ ಡ್ರಾದಲ್ಲಿ ಗೆಲ್ಲುವುದು ಹೇಗೆ?

ರೇಷನ್ ಕಾರ್ಡಿನ ಭಯ

ಮನೆಯವರ ಹೆದರಿಕೆಯನ್ನು ಹಗುರ ಮಾಡಬಾರದು. ಗೃಹಲಕ್ಷ್ಮಿಯಲ್ಲಿ, ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ದುಡ್ಡು ಇಲ್ಲ ಅಂತ ನಿಯಮ ಇದೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದತಿಯ ಗದ್ದಲವೂ ತೆರಿಗೆ ಕಟ್ಟುವವರ ಪಟ್ಟಿ ಹಿಡಿದೇ ಎದ್ದದ್ದು. ಹಾಗಾಗಿ ಅವ್ವ "ಬೇಡವ್ವಾ" ಅಂದರೆ ಅದರಲ್ಲಿ ಅರ್ಥ ಇದೆ.

ಆದರೆ ಬಿಡಿಸಿ ನೋಡಿ. ಗೃಹಲಕ್ಷ್ಮಿಯ ಆ ಸಾಲು ಅವ್ವ, ಅಪ್ಪನ ಬಗ್ಗೆ. ಮಗಳ ರಿಟರ್ನ್ ಬಗ್ಗೆ ಅಲ್ಲ. ಮಗಳು ಹಾಕುವುದು ಸೊನ್ನೆ ತೆರಿಗೆಯ ರಿಟರ್ನ್, ಅಂದರೆ ಸ್ಟೈಪೆಂಡ್ ಮಾತ್ರ ಇದ್ದಾಗ ಅವಳು ತೆರಿಗೆ ಕಟ್ಟುವವಳೂ ಅಲ್ಲ. ಬಿಪಿಎಲ್ ಕಾರ್ಡಿನ ಮಾತು ಸ್ವಲ್ಪ ಬೇರೆ. ಅಲ್ಲಿ ಕುಟುಂಬದ ವರ್ಷದ ಆದಾಯ 1.20 ಲಕ್ಷ ದಾಟಬಾರದು. ಅದೇ ಕಾರ್ಡಿನಲ್ಲಿ ಇರುವ ಮಗಳು ವರ್ಷಕ್ಕೆ ಒಂದೂವರೆ ಲಕ್ಷ ದುಡಿದರೆ ಪ್ರಶ್ನೆ ಬರುವುದು ದುಡಿಮೆಯಿಂದ, ರಿಟರ್ನ್‌ನಿಂದ ಅಲ್ಲ. ರಿಟರ್ನ್ ಹಾಕದಿದ್ದರೂ ಆ 1,50,000 ಟಿಡಿಎಸ್ ಮೂಲಕ ಅವಳ ಪ್ಯಾನ್ ಮೇಲೆ ಆಗಲೇ ದಾಖಲಾಗಿದೆ. ಬಚ್ಚಿಟ್ಟಂತೆ ಆಗುವುದಿಲ್ಲ, 15,000 ಮಾತ್ರ ಹೋಗುತ್ತದೆ.

ಇನ್ನು, ಹಾಕಲೇಬೇಕಾ ಎಂಬ ಪ್ರಶ್ನೆ. ಆದಾಯ 4 ಲಕ್ಷದ ಮಿತಿಯೊಳಗೆ ಇದ್ದರೆ ಕಡ್ಡಾಯ ಅಲ್ಲ. ಆದರೆ ವರ್ಷದಲ್ಲಿ ಹಿಡಿದ ಟಿಡಿಎಸ್ ಒಟ್ಟು 25,000 ಅಥವಾ ಅದಕ್ಕಿಂತ ಜಾಸ್ತಿ ಆದರೆ ಕಡ್ಡಾಯ. ಬರೀ ಸ್ಟೈಪೆಂಡ್‌ನ 15,000 ಇದ್ದಿದ್ದರೆ ಶಿವಲೀಲಾಳಿಗೆ ಬಿಟ್ಟದ್ದಾಗಿತ್ತು. ಟೀಮಿನ 18,000ವೂ ಅವಳ ಹೆಸರಿಗೇ ಬಂದು 33,000 ಆದ್ದರಿಂದ ಈಗ ಹಾಕಲೇಬೇಕು.

2025-26ರ ದುಡ್ಡಿಗೆ ಹಳೆಯ 1961ರ ಕಾಯ್ದೆಯೇ ನಡೆಯುತ್ತದೆ. 2026ರ ಏಪ್ರಿಲ್ 1ರಿಂದ ಬಂದ ದುಡ್ಡಿಗೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ. ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ, ಹಾಗಾಗಿ ಮುಂದಿನ ವರ್ಷ ಪೋರ್ಟಲ್‌ನಲ್ಲಿ 194J, 194B ಕಾಣದಿದ್ದರೆ ಗಾಬರಿ ಬೇಡ. ಸ್ಕಾಲರ್‌ಶಿಪ್‌ನ ವಿನಾಯಿತಿ ಅದರಲ್ಲೂ ಉಳಿದಿದೆ.

2025-26ನೇ ಸಾಲಿನ ರಿಟರ್ನ್‌ಗೆ ಕೊನೆಯ ದಿನ 2026ರ ಜುಲೈ 31. ತಪ್ಪಿದರೆ ಡಿಸೆಂಬರ್ 31ರವರೆಗೆ ತಡವಾಗಿ ಹಾಕಬಹುದು, ರಿಫಂಡೂ ಕೇಳಬಹುದು. ಒಟ್ಟು ಆದಾಯ 4 ಲಕ್ಷದ ಮಿತಿಯೊಳಗೆ ಇದ್ದು, ರಿಟರ್ನ್ ಕಡ್ಡಾಯ ಅಲ್ಲದವರಿಗೆ ತಡದ ದಂಡವೂ ಇಲ್ಲ. ಡಿಸೆಂಬರ್ ದಾಟಿದ ಮೇಲೆ ಕೆಲವರು "ಅಪ್‌ಡೇಟೆಡ್ ರಿಟರ್ನ್ ಹಾಕಿಕೊಡ್ತೀವಿ, ರಿಫಂಡ್ ಬರುತ್ತೆ" ಅಂತ ಫೀಸು ಕೇಳುತ್ತಾರೆ. ಅಪ್‌ಡೇಟೆಡ್ ರಿಟರ್ನ್ ಇರುವುದು ತೆರಿಗೆ ಕಟ್ಟುವವರಿಗೆ, ಅದರಲ್ಲಿ ರಿಫಂಡ್ ಕೇಳಲು ಬರುವುದಿಲ್ಲ. ಆಗ ಉಳಿಯುವ ದಾರಿ ಒಂದೇ. ತಡ ಯಾಕಾಯಿತು ಅಂತ ಕಾರಣ ಬರೆದು ಇಲಾಖೆಯ ಅಧಿಕಾರಿಗೆ ಪೋರ್ಟಲ್ ಮೂಲಕ ಮನ್ನಾ ಅರ್ಜಿ ಹಾಕಬೇಕು, ಅವರು ಒಪ್ಪಿದ ಮೇಲೆ ರಿಟರ್ನ್.